25 ಫ್ರೇಮ್‌ನಲ್ಲಿ ತೆಗೆದ ಜಾತ್ರೆ ಶಾಟ್ ಸ್ಲೋ ಮಾಡಿದರೆ ಜರ್ಕ್ ಹೊಡೆಯುತ್ತಿದೆ, ಯಾಕೆ?

ಯಾದಗಿರಿ ಕ್ಯಾಮರಾದವ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿಯವನು, ಮದುವೆ, ಕುಬಸ, ಜಾತ್ರೆ ಅಂತ ವಿಡಿಯೋ ಕೆಲಸ ಮಾಡುತ್ತೇನೆ. ಸಂಕ್ರಾಂತಿಗೆ ಒಂದು ಮನೆತನದವರ ಜೊತೆ ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಗೆ ಹೋಗಿದ್ದೆ. ಪಲ್ಲಕ್ಕಿ ಬರುವಾಗ ಅವರ ಮನೆಯ ಹಿರಿಯಜ್ಜ ಎರಡೂ ಕೈಯಲ್ಲಿ ಭಂಡಾರ ತುಂಬಿಕೊಂಡು ಮೇಲಕ್ಕೆ ಎಸೆದರು. ಸರಿಯಾಗಿ 4 ಸೆಕೆಂಡಿನ ಶಾಟ್. ಬಿಸಿಲು ಹಿಂದಿನಿಂದ ಬಿದ್ದು ಆ ಅರಿಶಿಣ ಬಂಗಾರದ ಹಾಗೆ ಹೊಳೆದಿದೆ. ಇಡೀ ದಿನ ತೆಗೆದದ್ದರಲ್ಲಿ ಅದೇ ಒಂದು ಶಾಟ್ ನನಗೆ ಜಾಸ್ತಿ ಇಷ್ಟ.

ಮನೆಯವರು ಅದನ್ನೇ ಸ್ಲೋ ಮೋಷನ್ ಮಾಡಿಕೊಡಿ ಅಂದರು. ಆದರೆ ನಾನು ತೆಗೆದದ್ದು 4ಕೆ, 25 ಫ್ರೇಮ್. ನನ್ನ ಕ್ಯಾಮರಾದಲ್ಲಿ 4ಕೆ ಇಟ್ಟರೆ 25ರ ಮೇಲೆ ಹೋಗುವುದಿಲ್ಲ. ಡಾವಿಂಚಿ ರಿಸಾಲ್ವ್‌ನಲ್ಲಿ 25ರ ಟೈಮ್‌ಲೈನ್ ಇಟ್ಟು ಸ್ಪೀಡ್ ರ‍್ಯಾಂಪ್ ಮಾಡಿದೆ: ವೇಗ 100 ಪರ್ಸೆಂಟಿನಿಂದ ಶುರು, ನಿಧಾನಕ್ಕೆ 40ಕ್ಕೆ ಇಳಿದು, ಮತ್ತೆ 100.

ಪೂರ್ತಿ ಸ್ಲೋ ಇರುವ ಕಡೆಗಿಂತ, ಇಳಿಯುವಾಗ ಮತ್ತು ಏರುವಾಗಲೇ ಜಾಸ್ತಿ ಜರ್ಕ್ ಕಾಣುತ್ತದೆ. ಕೈ ಮೇಲೆ ಹೋಗುವಾಗ ತಡೆದು ತಡೆದು ಹೋದ ಹಾಗೆ. ಇದು ನನಗೆ ಅರ್ಥವಾಗುತ್ತಿಲ್ಲ. ಜಾಸ್ತಿ ಸ್ಲೋ ಇರುವಲ್ಲೇ ಜಾಸ್ತಿ ಕೆಡಬೇಕಿತ್ತು, ಅಲ್ವಾ?

ತೊಗರಿ ಹೊಲ

ಕಂಪ್ಯೂಟರ್ ಎಳೆಯುತ್ತಿಲ್ಲ ಅಷ್ಟೇ. 4ಕೆ ಫೈಲ್ ಅಲ್ವಾ, ಪ್ರಾಕ್ಸಿ ಮಾಡಿ ನೋಡಿ.

ಯಾದಗಿರಿ ಕ್ಯಾಮರಾದವ

ಪ್ರಾಕ್ಸಿ ಮಾಡಿಯೇ ನೋಡಿದ್ದೇನೆ ಅಣ್ಣ. ಎಕ್ಸ್‌ಪೋರ್ಟ್ ಮಾಡಿ ಫೋನಿನಲ್ಲೂ, ಮನೆಯ ಟಿವಿಯಲ್ಲೂ ಹಾಕಿದೆ. ಅದೇ ಜಾಗದಲ್ಲಿ ಅದೇ ಜರ್ಕ್.

ಬೀದರ್ ಕೋಟೆ ಬಾಗಿಲು

ಟೈಮ್‌ಲೈನ್ 25 ಇಟ್ಟಿದ್ದೇ ತಪ್ಪು. 60ರ ಟೈಮ್‌ಲೈನ್ ಮಾಡಿ ಅದರಲ್ಲಿ ಹಾಕಿ. ಸೆಕೆಂಡಿಗೆ ಫ್ರೇಮ್ ಜಾಸ್ತಿ ಆದಷ್ಟೂ ಸ್ಮೂತ್ ಆಗುತ್ತದೆ. ನಾನು ಮದುವೆ ರೀಲ್ ಎಲ್ಲ ಹಾಗೇ ಮಾಡುತ್ತೇನೆ.

ಕಲಬುರಗಿ ಎಡಿಟರ್ ಅಕ್ಕ

ಬೀದರ್ ಅಣ್ಣ, ನೀವು 60ರಲ್ಲೇ ಶೂಟ್ ಮಾಡಿ 60ರಲ್ಲೇ ಇಡುತ್ತೀರಿ, ಅದಕ್ಕೆ ನಿಮಗೆ ನಡೆಯುತ್ತದೆ. ಇವರ ಹತ್ತಿರ ಇರುವುದು 25. ಟೈಮ್‌ಲೈನ್ 60 ಮಾಡಿದರೆ ಖಾಲಿ ಜಾಗ ಜಾಸ್ತಿ ಆಗುತ್ತದೆಯೇ ಹೊರತು ಚಿತ್ರ ಎಲ್ಲಿಂದ ಬರಬೇಕು? ಇದ್ದ ಫ್ರೇಮ್‌ಗಳನ್ನೇ ಎರಡು ಸಲ, ಮೂರು ಸಲ ತೋರಿಸುತ್ತದೆ. ಸ್ಲೋ ಮಾಡದೆ ಬಿಟ್ಟರೂ 25 ಎಂಬುದು 60ಕ್ಕೆ ಸಮ ಹಂಚಿಕೆ ಆಗುವುದಿಲ್ಲ. ಜರ್ಕ್ ಇನ್ನೂ ಹೆಚ್ಚುತ್ತದೆ.

ಯಾದಗಿರಿ ತಮ್ಮ, ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಕಂಡದ್ದು ಸರಿಯಾಗಿದೆ. ಜರ್ಕ್ ಬರುವುದು ಫ್ರೇಮ್ ಕಮ್ಮಿ ಇರುವುದರಿಂದ ಮಾತ್ರ ಅಲ್ಲ. ಅವು ಒಂದೇ ಸಮ ಬರದೆ ಇರುವುದರಿಂದ ಜಾಸ್ತಿ.

ಲೆಕ್ಕ ನೋಡು. 4 ಸೆಕೆಂಡಿನ ಶಾಟ್ ಅಂದರೆ 100 ಫ್ರೇಮ್. ಪೂರ್ತಿ 50ಕ್ಕೆ ಇಳಿಸಿದರೆ 8 ಸೆಕೆಂಡ್ ಆಗುತ್ತದೆ, 200 ಫ್ರೇಮ್ ಬೇಕು, ಇರುವುದು 100. ಆಗ ಪ್ರತಿ ಫ್ರೇಮನ್ನೂ ಎರಡೆರಡು ಸಲ ತೋರಿಸುತ್ತದೆ. ಎರಡು, ಎರಡು, ಎರಡು. ಸ್ವಲ್ಪ ಒರಟಾಗಿ ಕಾಣಬಹುದು, ಆದರೆ ತಾಳ ತಪ್ಪುವುದಿಲ್ಲ. ಕಣ್ಣು ಒಂದು ಸೆಕೆಂಡಿನೊಳಗೆ ಅದಕ್ಕೆ ಒಗ್ಗಿಕೊಳ್ಳುತ್ತದೆ.

40ಕ್ಕೆ ಇಳಿಸಿದರೆ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ, ಮತ್ತೆ ಮೂರು, ಮತ್ತೆ ಎರಡು. ಇದು ಸ್ವಲ್ಪ ಕುಂಟುತ್ತದೆ. ಇನ್ನು 75 ನೋಡು. ಅಲ್ಲಿ ಒಂದು ಫ್ರೇಮ್ ಎರಡು ಸಲ, ಆಮೇಲೆ ಎರಡು ಫ್ರೇಮ್ ಒಂದೊಂದೇ ಸಲ, ಮತ್ತೆ ಒಂದು ಫ್ರೇಮ್ ಎರಡು ಸಲ. ಚೆನ್ನಾಗಿ ಓಡುತ್ತಿರುವಾಗ ಪ್ರತಿ ಮೂರನೇ ಹೆಜ್ಜೆಗೆ ಎಡವಿದ ಹಾಗೆ.

ರ‍್ಯಾಂಪ್ ಅಂದರೆ 100ರಿಂದ 40ರ ತನಕ ನಡುವಿನ ಎಲ್ಲ ವೇಗವನ್ನೂ ದಾಟುವುದು. 93, 86, 75, 61. ಒಂದೊಂದರಲ್ಲೂ ಒಂದೊಂದು ತಾಳ, ಯಾವುದೂ ನಿಲ್ಲುವುದಿಲ್ಲ. ಅದಕ್ಕೇ ಇಳಿಜಾರಿನಲ್ಲೇ ನಿನಗೆ ಜಾಸ್ತಿ ಕಾಣುತ್ತಿದೆ. ನೀನು ನಿಧಾನಕ್ಕೆ ಇಳಿಸಿದ್ದೇನೆ ಅಂದೆಯಲ್ಲ, ಎಷ್ಟು ಫ್ರೇಮ್‌ನಲ್ಲಿ ಇಳಿದಿದೆ?

ಟೈಮ್‌ಲೈನ್‌ನಲ್ಲಿ ಆ ಜಾಗಕ್ಕೆ ಹೋಗಿ ಬಲ ಬಾಣದ ಕೀ ಒತ್ತುತ್ತಾ ಒಂದೊಂದೇ ಫ್ರೇಮ್ ನೋಡು. ಚಿತ್ರ ಎಲ್ಲಿ ಅಲುಗದೆ ನಿಲ್ಲುತ್ತದೆ ಅಂತ ಕಾಗದದ ಮೇಲೆ ಬರಿ. ಅಸಮ ತಾಳ ಕಂಡರೆ ಕಂಪ್ಯೂಟರಿನ ತಪ್ಪಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಶಹಾಪುರ ಬೆಟ್ಟ

ನನಗೂ ಇದೇ ಸಮಸ್ಯೆ ಇದೆ! ನಮ್ಮೂರಿನ ಬುದ್ಧ ಮಲಗಿದ ಬೆಟ್ಟವನ್ನು ಡ್ರೋನಿನಿಂದ ತೆಗೆದಿದ್ದೆ. ಎಡದಿಂದ ಬಲಕ್ಕೆ ತಿರುಗಿಸಿದರೆ ಬೆಟ್ಟದ ಅಂಚು ಕಟ್ ಕಟ್ ಅಂತ ಜಿಗಿಯುತ್ತದೆ. ನಾನು ಸ್ಲೋ ಮಾಡಿಯೇ ಇಲ್ಲ, ಇದ್ದ ಹಾಗೇ ಇಟ್ಟಿದ್ದೇನೆ. 25ರ ಫೈಲ್, 25ರ ಟೈಮ್‌ಲೈನ್.

ಕಲಬುರಗಿ ಎಡಿಟರ್ ಅಕ್ಕ

ನಿಮ್ಮದು ಬೇರೆ ಕತೆ. ಫ್ರೇಮ್ ಎರಡೆರಡು ಸಲ ಬರುತ್ತಿಲ್ಲ, ಪ್ರತಿ ಫ್ರೇಮ್ ತುಂಬಾ ಚೂಪಾಗಿದೆ. ಮಧ್ಯಾಹ್ನದ ಬಿಸಿಲಿಗೆ ಡ್ರೋನ್ ತಾನೇ ಶಟರ್ ಏರಿಸಿರುತ್ತದೆ. ಎನ್‌ಡಿ ಫಿಲ್ಟರ್ ಹಾಕಿ 1/50ಕ್ಕೆ ತನ್ನಿ, ತಿರುಗಿಸುವುದನ್ನೂ ನಿಧಾನ ಮಾಡಿ. ಎಡಿಟಿಂಗ್‌ನಲ್ಲಿ ಹುಡುಕುವ ತಪ್ಪಲ್ಲ ಅದು.

ಯಾದಗಿರಿ ಕ್ಯಾಮರಾದವ

ಅಕ್ಕ, ಎಣಿಸಿದೆ. ನೀವು ಹೇಳಿದ ಹಾಗೇ ಇದೆ. ಕೈ ಏರುವ ಜಾಗದಲ್ಲಿ ನಾಲ್ಕು ಫ್ರೇಮ್ ಸರಿ, ಒಂದು ನಿಂತಿತು. ಮೂರು ಸರಿ, ಒಂದು ನಿಂತಿತು. ಆಮೇಲೆ ಒಂದು ಬಿಟ್ಟು ಒಂದು. ನಾನು ಇಳಿಸಿದ್ದು 30 ಫ್ರೇಮ್‌ನಲ್ಲಿ, ಅಂದರೆ ಒಂದು ಸೆಕೆಂಡಿಗಿಂತ ಜಾಸ್ತಿ. ಉದ್ದ ಮಾಡಿದರೆ ನಯವಾಗಿ ಕಾಣುತ್ತದೆ ಅಂದುಕೊಂಡಿದ್ದೆ.

ಇನ್ನೊಂದು ವಿಷಯ, ಕ್ಯಾಮರಾದ ಮಾಹಿತಿ ತೆಗೆದು ನೋಡಿದೆ. ಶಟರ್ 1/1000 ಇತ್ತು. ಅವತ್ತು ಫಿಲ್ಟರ್ ಮನೆಯಲ್ಲೇ ಉಳಿದಿತ್ತು.

ತೊಗರಿ ಹೊಲ

1/1000 ಒಳ್ಳೆಯದೇ ಅಲ್ವಾ? ಸ್ಲೋ ಮೋಷನ್‌ಗೆ ಶಟರ್ ಜಾಸ್ತಿ ಇಡಬೇಕು ಅಂತ ಎಲ್ಲರೂ ಹೇಳುತ್ತಾರೆ.

ಕಲಬುರಗಿ ಎಡಿಟರ್ ಅಕ್ಕ

ಅರ್ಧ ಸರಿ. 100 ಫ್ರೇಮ್‌ನಲ್ಲಿ ತೆಗೆಯುವಾಗ ಶಟರ್ 1/200 ಇಡುತ್ತೇವೆ, ಯಾಕೆಂದರೆ ಅಲ್ಲಿ ಫ್ರೇಮ್‌ಗಳೇ ಹತ್ತಿರ ಹತ್ತಿರ ಇವೆ. 25ರಲ್ಲಿ ಎರಡು ಫ್ರೇಮ್ ನಡುವೆ 40 ಮಿಲಿಸೆಕೆಂಡ್ ಅಂತರ. 1/1000 ಅಂದರೆ ಅದರಲ್ಲಿ ಒಂದೇ ಮಿಲಿಸೆಕೆಂಡ್ ದಾಖಲಾಗಿದೆ. ಉಳಿದ 39ರಲ್ಲಿ ಕೈ ಎಲ್ಲಿತ್ತು ಅಂತ ಗುರುತೇ ಇಲ್ಲ. 1/50 ಇದ್ದಿದ್ದರೆ 20 ಮಿಲಿಸೆಕೆಂಡಿನ ಚಲನೆ ಮಸುಕಾಗಿ ಉಳಿದು, ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಕಣ್ಣು ಸುಲಭವಾಗಿ ದಾಟುತ್ತಿತ್ತು.

ಆದರೆ ತೊಗರಿ ಅಣ್ಣನ ಮಾತಿನಲ್ಲಿ ಇನ್ನೊಂದು ಅರ್ಧ ಇದೆ. ನಡುವಿನ ಫ್ರೇಮನ್ನು ಸಾಫ್ಟ್‌ವೇರ್ ಕೈಯಲ್ಲಿ ಮಾಡಿಸುವುದಾದರೆ ಚೂಪಾದ ಫ್ರೇಮೇ ಬೇಕು. ಮಸುಕಾದ ಬೆರಳು ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಆ ಲೆಕ್ಕಕ್ಕೆ ನಿನ್ನ 1/1000 ಈಗ ಉಪಯೋಗಕ್ಕೆ ಬರುತ್ತದೆ ತಮ್ಮ.

ಬೀದರ್ ಕೋಟೆ ಬಾಗಿಲು

ಹಾಗಾದರೆ ಇಷ್ಟೆಲ್ಲ ಯಾಕೆ? Retime Process ಅಂತ ಇದೆಯಲ್ಲ, ಅದರಲ್ಲಿ Optical Flow ಹಾಕಿ ಬಿಡಿ. ಪ್ರೀಮಿಯರ್‌ನಲ್ಲೂ Time Interpolation ಅಡಿಯಲ್ಲಿ ಅದೇ ಇದೆ. ನಡುವಿನ ಫ್ರೇಮ್ ಎಲ್ಲ ಹುಟ್ಟಿಸುತ್ತದೆ. ಮುಗಿಯಿತು.

ಯಾದಗಿರಿ ಕ್ಯಾಮರಾದವ

ಅದನ್ನೂ ಹಾಕಿ ನೋಡಿದ್ದೆ ಅಣ್ಣ. ಅಜ್ಜನ ಮುಖ, ರುಮಾಲು ಎಲ್ಲ ಬೆಣ್ಣೆಯ ಹಾಗೆ ನಯವಾಗಿ ಬಂತು. ಆದರೆ ಭಂಡಾರ ಕೈ ಬಿಟ್ಟ ಕೂಡಲೇ ಕೆಟ್ಟಿತು. ಅರಿಶಿಣದ ಪುಡಿ ಪುಡಿಯಾಗಿ ಕಾಣುವುದಿಲ್ಲ, ಒದ್ದೆ ಬಟ್ಟೆಯ ಹಾಗೆ ಎಳೆದುಕೊಂಡು ಹೋಗುತ್ತದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಿಂದಿನ ಗೋಡೆ ಕೈಯ ಸುತ್ತ ಕರಗಿದ ಮೇಣದ ಹಾಗೆ ಬಾಗುತ್ತದೆ. ಮನೆಯವರಿಗೆ ಇದನ್ನು ತೋರಿಸಲು ನನಗೆ ಮನಸ್ಸಾಗಲಿಲ್ಲ.

ಕಲಬುರಗಿ ಎಡಿಟರ್ ಅಕ್ಕ

ಆಗುವುದೇ ಹಾಗೆ. ಆಪ್ಟಿಕಲ್ ಫ್ಲೋ ಮಾಡುವ ಕೆಲಸ ಇಷ್ಟೇ: ಈ ಫ್ರೇಮಿನ ಈ ಚುಕ್ಕೆ ಮುಂದಿನ ಫ್ರೇಮಿನಲ್ಲಿ ಎಲ್ಲಿಗೆ ಹೋಯಿತು ಅಂತ ಹುಡುಕಿ, ನಡುವಿನ ಜಾಗದಲ್ಲಿ ಅದನ್ನು ಇಡುವುದು. ರುಮಾಲಿನ ಅಂಚು ಮುಂದಿನ ಫ್ರೇಮಿನಲ್ಲೂ ಹಾಗೇ ಇದೆ, ಸಿಗುತ್ತದೆ. ಭಂಡಾರದ ಕಣಗಳಲ್ಲಿ ಯಾವುದು ಯಾವುದು ಅಂತ ಹೇಗೆ ಹೇಳುವುದು? ಸಾವಿರ ಕಣ, ಎಲ್ಲವೂ ಒಂದೇ ಬಣ್ಣ, 40 ಮಿಲಿಸೆಕೆಂಡಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಬಂದಿರುತ್ತದೆ. ತಪ್ಪಾಗಿ ಜೋಡಿಸುತ್ತದೆ, ಎಳೆದಂತೆ ಕಾಣುತ್ತದೆ. ಗೋಡೆ ಬಾಗುವುದು ಬೇರೆ ಕಾರಣಕ್ಕೆ. ಕೈ ಸರಿದಾಗ ಅದರ ಹಿಂದೆ ಇದ್ದ ಗೋಡೆಯ ತುಂಡು ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಹಿಂದಿನ ಫ್ರೇಮಿನಲ್ಲಿ ಆ ತುಂಡೇ ಇರಲಿಲ್ಲ, ಹಾಗಾಗಿ ಅಕ್ಕಪಕ್ಕದ ಗೋಡೆಯನ್ನು ಎಳೆದು ತುಂಬುತ್ತದೆ.

Motion Estimation ಅನ್ನು Enhanced Better ಮಾಡು, ಬೆರಳು ಸ್ವಲ್ಪ ಸುಧಾರಿಸಬಹುದು. Speed Warp ಇನ್ನೂ ಚೆನ್ನಾಗಿ ಮಾಡುತ್ತದೆ, ಆದರೆ ಅದು ದುಡ್ಡು ಕೊಟ್ಟು ತಗೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ. ಭಂಡಾರಕ್ಕೆ ಅದರಿಂದಲೂ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ.

ಮೊದಲು 40 ಬಿಡು, 50ಕ್ಕೆ ನಿಲ್ಲಿಸು. 50ರಲ್ಲಿ ಒಂದು ಬಿಟ್ಟು ಒಂದು ಫ್ರೇಮ್ ಅಸಲಿ, ಸಾಫ್ಟ್‌ವೇರ್ ಊಹಿಸುವುದು ಅರ್ಧ ಮಾತ್ರ. 40ಕ್ಕೆ ಇಳಿದರೆ ಐದರಲ್ಲಿ ನಾಲ್ಕು ಊಹೆ.

ಎರಡನೆಯದು, ಇಳಿಜಾರನ್ನು 30 ಫ್ರೇಮಿನಿಂದ 6ಕ್ಕೆ ತಾ. ಅದಕ್ಕಿಂತ ಮುಖ್ಯ, ಅದನ್ನು ಎಲ್ಲಿ ಇಡುತ್ತೀಯ ಎನ್ನುವುದು. ಅಜ್ಜ ಎಸೆಯುವ ಮುಂಚೆ ಕೈ ಕೆಳಗೆ ತಂದು ಒಂದು ಗಳಿಗೆ ನಿಲ್ಲಿಸಿರಬೇಕು, ಯಾರು ಎಸೆದರೂ ಹಾಗೆ ನಿಲ್ಲಿಸುತ್ತಾರೆ. ಆ ಗಳಿಗೆಯಲ್ಲಿ ಇಳಿಸು. ಏನೂ ಚಲಿಸದಿದ್ದಾಗ ಒಂದು ಫ್ರೇಮ್ ಎರಡು ಸಲ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ನೀನು ಕೈ ಜೋರಾಗಿ ಏರುವಾಗ ಇಳಿಸಿದ್ದೀಯ, ಅದಕ್ಕೇ ಪ್ರತಿ ಸಲ ಎಡವಿದ್ದೂ ಎದ್ದು ಕಾಣುತ್ತಿದೆ. ವಾಪಸ್ ಏರುವುದನ್ನು ಭಂಡಾರ ಹರಡಿ ತೇಲುವಾಗ ಇಡು.

ಮೂರನೆಯದು, ರ‍್ಯಾಂಪ್ ಮಾಡಿದ ಕ್ಲಿಪ್ಪನ್ನು ಇನ್ನೊಂದು ಟ್ರ್ಯಾಕ್ ಮೇಲೆ ಕಾಪಿ ಇಡು. ಕೆಳಗಿನದಕ್ಕೆ Optical Flow, ಮೇಲಿನದಕ್ಕೆ Frame Blend. ಮೇಲಿನದರಲ್ಲಿ ಭಂಡಾರದ ಮೋಡದ ಸುತ್ತ ಮಾತ್ರ ಮಾಸ್ಕ್ ಹಾಕಿ ಅಂಚು ತುಂಬಾ ಮೃದು ಮಾಡು. ಫ್ರೇಮ್ ಬ್ಲೆಂಡ್ ಎರಡು ಫ್ರೇಮನ್ನು ಒಂದರ ಮೇಲೊಂದು ತೆಳುವಾಗಿ ಬೆರೆಸುತ್ತದೆ. ಮುಖಕ್ಕೆ ಹಾಕಿದರೆ ಎರಡೆರಡು ಮೂಗು ಕಾಣುತ್ತದೆ. ಪುಡಿಗೆ, ಹೊಗೆಗೆ, ಧೂಳಿಗೆ ಅಂಚೇ ಇಲ್ಲವಲ್ಲ, ಅಲ್ಲಿ ಬೆರೆತರೆ ಸಹಜವಾಗಿಯೇ ಕಾಣುತ್ತದೆ.

ಬೀದರ್ ಕೋಟೆ ಬಾಗಿಲು

ಅಕ್ಕ, ಮಾಸ್ಕ್ ವಿಚಾರ ಒಪ್ಪುತ್ತೇನೆ, ಒಳ್ಳೆಯ ಮಾತು. ಆದರೆ 50ಕ್ಕೆ ನಿಲ್ಲಿಸು ಅನ್ನುವುದನ್ನು ಒಪ್ಪುವುದಿಲ್ಲ. ಆಪ್ಟಿಕಲ್ ಫ್ಲೋ ಹಾಕಿದ ಮೇಲೆ ತಾಳದ ಮಾತೇ ಬರುವುದಿಲ್ಲ. 40 ಆದರೂ ಒಂದೇ, 43 ಆದರೂ ಒಂದೇ. ಗಿರಾಕಿ ಕೇಳಿದ್ದು ನಿಧಾನ. 50 ಅವರಿಗೆ ನಿಧಾನ ಅಂತ ಅನ್ನಿಸುವುದೇ ಇಲ್ಲ.

ಕಲಬುರಗಿ ಎಡಿಟರ್ ಅಕ್ಕ

ತಾಳದ ಮಾತು ನಿಜ, ಅದು ಸಮ ಆಗುತ್ತದೆ. ಆದರೆ ಊಹಿಸಿದ ಫ್ರೇಮ್ ಜಾಸ್ತಿ ಆದಷ್ಟೂ ಕೆಟ್ಟ ಬೆರಳು ಜಾಸ್ತಿ ಹೊತ್ತು ಪರದೆ ಮೇಲೆ ಇರುತ್ತದೆ. ಹಬ್ಬದ ಶಾಟ್‌ನಲ್ಲಿ ಹಿರಿಯರ ಕೈ ವಿಕಾರವಾಗಿ ಕಾಣಬಾರದು ಅನ್ನುವುದು ನನಗೆ ಮುಖ್ಯ. ಇನ್ನೂ ಉದ್ದ ಬೇಕಿದ್ದರೆ ನಡುವೆ ಮೊಮ್ಮಕ್ಕಳು ಮೇಲೆ ನೋಡುವ ಶಾಟ್ ಸೇರಿಸಲಿ.

ಬೀದರ್ ಕೋಟೆ ಬಾಗಿಲು

ಸಂಪೂರ್ಣ ಒಪ್ಪಿಗೆ ಇಲ್ಲ, ಆದರೂ ಮೊಮ್ಮಕ್ಕಳ ಶಾಟ್ ಚೆನ್ನಾಗಿರುತ್ತದೆ.

ಆಳಂದ ರಸ್ತೆ

ನನ್ನ ಗೊಂದಲ ಬೇರೆ. ನಾನು ಮದುವೆಯನ್ನು 60ರಲ್ಲೇ ತೆಗೆದಿದ್ದೇನೆ, ಸ್ಲೋಗೆ ಅಂತಲೇ. 25ರ ಟೈಮ್‌ಲೈನ್‌ನಲ್ಲಿ ಹಾಕಿ 50 ಕೊಟ್ಟೆ. ಅಕ್ಷತೆ ಬೀಳುವಾಗ ಸ್ವಲ್ಪ ಸ್ವಲ್ಪ ಜಿಗಿಯುತ್ತದೆ. ಫ್ರೇಮ್ ಸಾಕಷ್ಟು ಇದ್ದೂ ಯಾಕೆ ಹೀಗೆ?

ಕಲಬುರಗಿ ಎಡಿಟರ್ ಅಕ್ಕ

ಇಲ್ಲಿ ಫ್ರೇಮ್ ನಿಲ್ಲುತ್ತಿಲ್ಲ, ಬಿಟ್ಟುಹೋಗುತ್ತಿದೆ. 60ರ ಅರ್ಧ 30. ನಿಮ್ಮ ಟೈಮ್‌ಲೈನ್ ತಗೊಳ್ಳುವುದು 25. ಸೆಕೆಂಡಿಗೆ 5 ಫ್ರೇಮ್ ಜಾಸ್ತಿ ಆಯಿತು, ಅಂದರೆ ಪ್ರತಿ ಆರರಲ್ಲಿ ಒಂದು ಹೊರಗೆ. ಅಲ್ಲೇ ಅಕ್ಷತೆ ಜಿಗಿಯುತ್ತದೆ. 50ರ ಬದಲು 41.67 ಕೊಡಿ. ಆಗ ಪ್ರತಿ ಫ್ರೇಮ್ ಒಂದೊಂದೇ ಸಲ, ಸಾಲಾಗಿ ಬರುತ್ತದೆ, ಯಾವ ಆಪ್ಟಿಕಲ್ ಫ್ಲೋ ಕೂಡ ಬೇಡ. ಪ್ರೀಮಿಯರ್ ಆದರೆ Interpret Footage ತೆರೆದು Assume this frame rate ಜಾಗದಲ್ಲಿ 25 ಬರೆದರೆ ಅದೇ ಆಗುತ್ತದೆ.

ಮುಂದಿನ ಸಲ 50 ಫ್ರೇಮ್‌ನಲ್ಲಿ ತೆಗೆಯಿರಿ. ಆಗ 50 ಕೊಟ್ಟರೆ ಲೆಕ್ಕ ತಾನೇ ಕೂಡುತ್ತದೆ.

ಬೀದರ್ ಕೋಟೆ ಬಾಗಿಲು

ನಾನು 60 ಬಿಡುವುದಿಲ್ಲ. ನನ್ನ ಕೆಲಸ ಎಲ್ಲ ಫೋನಿನಲ್ಲಿ ನೋಡುವ ರೀಲ್, ಟೈಮ್‌ಲೈನ್ 30. 60ರ ಅರ್ಧ 30, ನನಗೂ ಲೆಕ್ಕ ಕೂಡುತ್ತದೆ. ಹೊರಗೆ ಬಿಸಿಲಲ್ಲಿ ತೊಂದರೆಯೇ ಇಲ್ಲ. ಕಲ್ಯಾಣ ಮಂಟಪದೊಳಗೆ ಮಾತ್ರ ಲೈಟು ಮಿಣುಕಿದ ಹಾಗೆ ಪಟ್ಟೆ ಬರುತ್ತದೆ.

ಆಳಂದ ರಸ್ತೆ

ಪಟ್ಟೆ ನನಗೂ ಬಂದಿದೆ! ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಕಲಬುರಗಿ ಎಡಿಟರ್ ಅಕ್ಕ

ಇದೆ. ನಮ್ಮ ಕರೆಂಟು 50 ಹರ್ಟ್ಸ್, ಆ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. 60 ಫ್ರೇಮ್‌ಗೆ ಅಂತ ಶಟರ್ 1/120 ಇಟ್ಟರೆ ಒಂದು ಮಿಣುಕು ಪೂರ್ತಿ ಸೇರುವುದಿಲ್ಲ. 60ರಲ್ಲೇ ತೆಗೆದರೂ ಶಟರ್ 1/100 ಇಡಿ, ಸಾಮಾನ್ಯ ಲೈಟಿನ ಪಟ್ಟೆ ಹೋಗುತ್ತದೆ. ವೇದಿಕೆಯ ಅಲಂಕಾರದ ಎಲ್‌ಇಡಿ ಬೇರೆಯದೇ ವೇಗದಲ್ಲಿ ಮಿಣುಕಬಹುದು, ಅದನ್ನು ಸ್ಥಳದಲ್ಲೇ ಶಟರ್ ತಿರುಗಿಸಿ ನೋಡಬೇಕು.

ಯಾದಗಿರಿ ಕ್ಯಾಮರಾದವ

ಎರಡು ದಿನ ಕೂತು ಮಾಡಿದೆ, ಬಂದು ಹೇಳುತ್ತಿದ್ದೇನೆ.

ಅಜ್ಜ ನಿಜವಾಗಿಯೂ ಎಸೆಯುವ ಮುಂಚೆ ಕೈ ನಿಲ್ಲಿಸಿದ್ದಾರೆ. 5 ಫ್ರೇಮ್ ಅಷ್ಟೇ. ಇಷ್ಟು ಸಲ ನೋಡಿದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆ ಗಳಿಗೆಗೆ ಇಳಿಜಾರು ಇಟ್ಟೆ. ಜರ್ಕ್ ಹೋಯಿತು. ಬರೀ ಇದೊಂದರಿಂದಲೇ ಮುಕ್ಕಾಲು ಪಾಲು ಸರಿಯಾಯಿತು.

50ಕ್ಕೆ ನಿಲ್ಲಿಸಿದೆ. ಕೈ ಬಿಟ್ಟಲ್ಲಿಂದ ಭಂಡಾರ ತುದಿ ಮುಟ್ಟುವ ತನಕ 30 ಫ್ರೇಮ್ ಇತ್ತು, ಅದು 60 ಆಯಿತು. ಎರಡೂವರೆ ಸೆಕೆಂಡಿಗೆ ಸ್ವಲ್ಪ ಕಮ್ಮಿ. ಮಾಸ್ಕ್ ಹಾಕಿದ ಮೇಲೆ ಭಂಡಾರ ಮತ್ತೆ ಪುಡಿಯಾಗಿ ಕಾಣುತ್ತಿದೆ. ಆದರೆ ಬೆರಳು ಬಿಡಿಸಿಕೊಳ್ಳುವ ಜಾಗದಲ್ಲಿ ಮೂರು ಫ್ರೇಮ್ ಇನ್ನೂ ಅಂಟಿಕೊಂಡೇ ಇವೆ. ಮಾಸ್ಕ್ ಅಲ್ಲಿಗೂ ಎಳೆದರೆ ಬೆರಳು ಎರಡೆರಡು ಕಾಣುತ್ತದೆ.

ಕಲಬುರಗಿ ಎಡಿಟರ್ ಅಕ್ಕ

ಆ ಮೂರು ಫ್ರೇಮ್ ಇರುವ ತುಂಡನ್ನು ಮಾತ್ರ ಕತ್ತರಿಸಿ Nearest ಮಾಡು. ಅಷ್ಟೇ ಜಾಗದಲ್ಲಿ ಅಸಲಿ ಫ್ರೇಮ್ ಎರಡೆರಡು ಸಲ ಬರುತ್ತದೆ, ಆರು ಫ್ರೇಮಿನೊಳಗೆ ಮುಗಿದುಹೋಗುತ್ತದೆ. ಅಂಟಿದ ಬೆರಳಿಗಿಂತ ಅದು ಕಮ್ಮಿ ಕಾಣುತ್ತದೆ. ಎರಡೂ ಮಾಡಿ ಟಿವಿಯಲ್ಲಿ ಹಾಕಿ ನೋಡು, ಫೋನಿನಲ್ಲಿ ಗೊತ್ತಾಗುವುದಿಲ್ಲ.

ಯಾದಗಿರಿ ಕ್ಯಾಮರಾದವ

ಸರಿ ಅಕ್ಕ. ಇನ್ನೊಂದು ಕೇಳುವುದಿತ್ತು. ಅದೇ ಗಳಿಗೆಯನ್ನು ಅವರ ಅಳಿಯ ಬೇರೆ ಕಡೆಯಿಂದ ಫೋನಿನಲ್ಲಿ ತೆಗೆದಿದ್ದಾರೆ. ಅದು 30 ಅಂತ ತೋರಿಸುತ್ತದೆ. ಅದಕ್ಕೆ ಆಪ್ಟಿಕಲ್ ಫ್ಲೋ ಹಾಕಿದರೆ ಒಮ್ಮೆ ತೇಲುತ್ತದೆ, ಒಮ್ಮೆ ಓಡುತ್ತದೆ, ಉಸಿರಾಡಿದ ಹಾಗೆ.

ತೊಗರಿ ಹೊಲ

ಇದು ನನಗೆ ಗೊತ್ತು, ನಾನೂ ಫೋನಿನಲ್ಲೇ ತೆಗೆಯುವವನು. ಆ ಫೈಲನ್ನು ಮೀಡಿಯಾಇನ್ಫೋದಲ್ಲಿ ತೆರೆಯಿರಿ. Frame rate mode ಎದುರಿಗೆ Variable ಅಂತ ಇದ್ದರೆ ಫೋನು ಒಂದೇ ಸಮ 30 ತೆಗೆದಿಲ್ಲ ಅಂತ ಅರ್ಥ. ನೆರಳಿಗೆ ಬಂದಾಗ ಕಮ್ಮಿ ಮಾಡಿರುತ್ತದೆ. ಎಡಿಟಿಂಗ್‌ಗೆ ಹಾಕಿದಾಗ ಆ ಖಾಲಿ ಜಾಗಕ್ಕೆ ಅದೇ ಫ್ರೇಮ್ ಮತ್ತೆ ತುಂಬುತ್ತದೆ.

ಕಲಬುರಗಿ ಎಡಿಟರ್ ಅಕ್ಕ

ತೊಗರಿ ಅಣ್ಣ ಸರಿಯಾಗಿ ಹಿಡಿದರು. ಒಂದೇ ಫ್ರೇಮ್ ಎರಡು ಸಲ ಇದ್ದರೆ ಅಲ್ಲಿ ಚಲನೆ ಇಲ್ಲ ಅಂತ ಆಪ್ಟಿಕಲ್ ಫ್ಲೋ ತಿಳಿಯುತ್ತದೆ, ಮುಂದಿನ ಫ್ರೇಮಿಗೆ ಎರಡರಷ್ಟು ಓಡಿಸುತ್ತದೆ. ಅದೇ ಆ ಉಸಿರಾಟ. ಕಾನ್ಸ್ಟಂಟ್‌ಗೆ ಬದಲಿಸಿದರೆ ಧ್ವನಿ ಸರಿಯಾಗಿ ಕೂಡುತ್ತದೆ, ಆದರೆ ತೆಗೆಯದೆ ಬಿಟ್ಟ ಫ್ರೇಮ್ ವಾಪಸ್ ಬರುವುದಿಲ್ಲ. ಆ ಶಾಟನ್ನು ಸ್ಲೋ ಮಾಡದೆ ಇದ್ದ ವೇಗದಲ್ಲೇ ಬಳಸು.

ಶಹಾಪುರ ಬೆಟ್ಟ

ಮಧ್ಯದಲ್ಲಿ ಕೇಳುತ್ತೇನೆ, ಮುಂದಿನ ಸಂಕ್ರಾಂತಿಗೆ ನಾನೂ ಮೈಲಾಪುರಕ್ಕೆ ಬರಬೇಕು ಅಂತಿದ್ದೇನೆ. ಭಂಡಾರ ಕ್ಯಾಮರಾ ಒಳಗೆ ಹೋಗುವುದಿಲ್ಲವಾ?

ಯಾದಗಿರಿ ಕ್ಯಾಮರಾದವ

ಹೋಗುತ್ತದೆ. ಅಲ್ಲಿ ಲೆನ್ಸ್ ಬದಲಿಸಲೇ ಬೇಡಿ, ಒಂದೇ ಲೆನ್ಸ್ ಹಾಕಿಕೊಂಡು ಬನ್ನಿ. ಪುಡಿ ಬಿದ್ದರೆ ಬಟ್ಟೆಯಿಂದ ಒರೆಸಬೇಡಿ, ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆ ಬ್ರಷ್. ಬೆವರಿದ ಕೈಯಲ್ಲಿ ಮುಟ್ಟಿದರೆ ಅರಿಶಿಣ ಕಲೆ ಗಟ್ಟಿಯಾಗಿ ಕೂರುತ್ತದೆ. ಎನ್‌ಡಿ ಫಿಲ್ಟರ್ ಹಾಕಿಕೊಂಡಿದ್ದರೆ ಲೆನ್ಸಿನ ಗಾಜಿಗೂ ಅದೇ ಕಾವಲು.

ಆಳಂದ ರಸ್ತೆ

41.67 ಕೊಟ್ಟೆ. ಅಕ್ಷತೆ ಕಾಳು ಕಾಳಾಗಿ ಇಳಿಯುತ್ತಿದೆ. ಧನ್ಯವಾದ ಅಕ್ಕ.

ಬೀದರ್ ಕೋಟೆ ಬಾಗಿಲು

ಯಾದಗಿರಿ ತಮ್ಮ, ಅದೇ ಕ್ಲಿಪ್ ನಾನು 40ರಲ್ಲಿ, Speed Warp ಹಾಕಿ ಮಾಡಿ ನೋಡಬೇಕು ಅಂತ ಆಸೆ ಇದೆ. ಮನೆಯವರು ಒಪ್ಪಿದರೆ ಅಸಲಿ ಫೈಲ್ ಕಳಿಸಿ. ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಬೇಡ, ಡ್ರೈವ್‌ನಲ್ಲಿ ಹಾಕಿ. ಬೆರಳು ಸರಿ ಬಂದರೆ ಅಕ್ಕನಿಗೂ ತೋರಿಸೋಣ.

ಕಲಬುರಗಿ ಎಡಿಟರ್ ಅಕ್ಕ

ಖಂಡಿತ ತೋರಿಸಿ. ಭಂಡಾರ ಬಿಡುವ ಆ ಮೂರು ಫ್ರೇಮನ್ನೇ ಮೊದಲು ನೋಡುತ್ತೇನೆ.

ಯಾದಗಿರಿ ಕ್ಯಾಮರಾದವ

ಮನೆಯವರನ್ನು ಕೇಳಿ ಕಳಿಸುತ್ತೇನೆ ಅಣ್ಣ. ನಿನ್ನೆ ರಾತ್ರಿ 50ರದ್ದನ್ನು ಅಜ್ಜನಿಗೆ ತೋರಿಸಿ ಬಂದೆ. ಮೊಮ್ಮಕ್ಕಳ ಶಾಟ್ ಸೇರಿಸಿದ್ದೆ. ಅಜ್ಜ ನಾಲ್ಕು ಸಲ ಹಾಕಿಸಿಕೊಂಡು ನೋಡಿದರು.